ಒಟ್ಟು ಫಲಿತಾಂಶ ಹೇಳುವ ಅರ್ಧಸತ್ಯ

ಒಂದು ಟ್ಯೂಷನ್ ಕ್ಲಾಸು ಹೊಸಬರನ್ನೂ ಹೆಚ್ಚು ಪಾಸು ಮಾಡಿಸಿದೆ, ಒಮ್ಮೆ ಫೇಲಾದವರನ್ನೂ ಹೆಚ್ಚು ಪಾಸು ಮಾಡಿಸಿದೆ. ಆದರೂ ಒಟ್ಟು ಫಲಿತಾಂಶದಲ್ಲಿ ಅದೇ ಹಿಂದೆ! ಹೀಗಾಗಲು ಸಾಧ್ಯವೇ? ಸಾಧ್ಯ. ಲೆಕ್ಕದಲ್ಲಿ ಯಾವ ತಪ್ಪೂ ಇಲ್ಲದೆಯೇ ಸಾಧ್ಯ.

ಒಂದು ಕಲ್ಪಿತ ಪ್ರಸಂಗ ನೋಡೋಣ. ರಾಮದುರ್ಗದ ತಂದೆಯೊಬ್ಬರು ಮಗಳನ್ನು ಎಸ್ಸೆಸ್ಸೆಲ್ಸಿ ಟ್ಯೂಷನ್‌ಗೆ ಸೇರಿಸಬೇಕು. ಬೈಲಹೊಂಗಲದಲ್ಲೊಂದು ಕ್ಲಾಸು, ಸವದತ್ತಿಯಲ್ಲೊಂದು. ಎರಡರಲ್ಲೂ ನೂರು ಮಕ್ಕಳು. ಬೈಲಹೊಂಗಲದಲ್ಲಿ 51 ಮಂದಿ ಪಾಸು, ಸವದತ್ತಿಯಲ್ಲಿ 78.

‘ಇದರಾಗ ವಿಚಾರ ಮಾಡೂದೇನೈತ್ರಿ? ಸವದತ್ತಿನೇ ಚಲೋ’ ಎಂದರು ತಂದೆ.

ಕಿತ್ತೂರಿನಿಂದ ಬಂದಿದ್ದ ಬೀಗರು ಲೆಕ್ಕದ ಮಾಸ್ತರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ರೀ, ಆ ನೂರು ಮಂದ್ಯಾಗ ಹೊಸಬರೆಷ್ಟು, ರಿಪೀಟರ್ ಎಷ್ಟು?’

ವಿಚಾರಿಸಿದಾಗ ಸಿಕ್ಕ ಉತ್ತರ ಹೀಗಿತ್ತು. ಬೈಲಹೊಂಗಲದಲ್ಲಿ ಹೊಸಬರು 20 ಮಂದಿ, ಅವರಲ್ಲಿ 19 ಪಾಸು, ಅಂದರೆ ಶೇ 95. ರಿಪೀಟರ್ 80 ಮಂದಿ, ಅವರಲ್ಲಿ 32 ಪಾಸು, ಶೇ 40. ಸವದತ್ತಿಯಲ್ಲಿ ಹೊಸಬರು 80 ಮಂದಿ, 72 ಪಾಸು, ಶೇ 90. ರಿಪೀಟರ್ 20 ಮಂದಿ, 6 ಪಾಸು, ಶೇ 30. ಎರಡು ಗುಂಪಿನಲ್ಲೂ ಬೈಲಹೊಂಗಲವೇ ಮುಂದೆ!

‘ಮತ್ತ ಕೂಡಿಸಿದ ಕೂಡ್ಲೆ ಉಲ್ಟಾ ಹೆಂಗಾತ್ರಿ?’

ಕೂಡಿಸುವಾಗ ಎರಡು ಸಂಗತಿ ಬೆರೆತುಹೋಗುತ್ತವೆ. ಒಂದು, ಕಲಿಸುವಿಕೆ. ಇನ್ನೊಂದು, ಎಂಥ ಮಕ್ಕಳು ಬಂದರು ಎಂಬುದು. ರಿಪೀಟರ್‌ಗಳಿಗೆ ಪಾಸಾಗುವುದು ಎರಡೂ ಕಡೆ ಕಷ್ಟವೇ. ಬೈಲಹೊಂಗಲದ ಕ್ಲಾಸು ಅಂಥವರನ್ನೇ ಹೆಚ್ಚು ಸೇರಿಸಿಕೊಂಡಿದೆ. ಹಾಗಾಗಿ ಅದರ ಸರಾಸರಿ 40ರ ಕಡೆ ಜಗ್ಗಿತು, ಸವದತ್ತಿಯದು 90ರ ಕಡೆ ಏರಿತು. ಎರಡೂ ಕಡೆ ಅರ್ಧ ಹೊಸಬರು, ಅರ್ಧ ರಿಪೀಟರ್ ಇದ್ದಿದ್ದರೆ? ಇವೇ ಪ್ರಮಾಣಗಳಲ್ಲಿ ಬೈಲಹೊಂಗಲಕ್ಕೆ ಶೇ 67.5, ಸವದತ್ತಿಗೆ ಶೇ 60 ಬರುತ್ತಿತ್ತು.

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ‘ಸಿಂಪ್ಸನ್ ವಿರೋಧಾಭಾಸ’ ಎಂದು ಹೆಸರು. ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದನ್ನು ವಿವರಿಸಿದರು. ಉಡ್ನಿ ಯೂಲ್ 1903ರಲ್ಲೇ ಇಂಥ ಮೋಸದ ಬಗ್ಗೆ ಎಚ್ಚರಿಸಿದ್ದರು.

ಬರ್ಕ್ಲಿಯಲ್ಲಿ ನಡೆದದ್ದು

ಇದರ ಹೆಸರಾಂತ ನಿಜ ಉದಾಹರಣೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ್ದು. 1973ರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕಿದ ಗಂಡಸರಲ್ಲಿ ಸುಮಾರು ಶೇ 44 ಮಂದಿಗೆ ಪ್ರವೇಶ ಸಿಕ್ಕಿತು, ಹೆಂಗಸರಲ್ಲಿ ಸುಮಾರು ಶೇ 35 ಮಂದಿಗೆ. ಪಕ್ಷಪಾತ ಎದ್ದು ಕಾಣುವಂತಿತ್ತು. ಆದರೆ ಪೀಟರ್ ಬಿಕೆಲ್ ಮತ್ತು ಸಂಗಡಿಗರು ವಿಭಾಗವಾರು ನೋಡಿ 1975ರಲ್ಲಿ ಬರೆದ ಪ್ರಕಾರ, ಹೆಚ್ಚಿನ ವಿಭಾಗಗಳಲ್ಲಿ ಅಂಥ ಅಂತರವಿರಲಿಲ್ಲ. ಒಟ್ಟಾರೆ ಸ್ವಲ್ಪ ಒಲವು ಹೆಂಗಸರ ಕಡೆಗೇ ಇತ್ತು. ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಒಡೆದು ನೋಡಿದ್ದೆಲ್ಲ ಸತ್ಯವೇ?

ಅಲ್ಲ. ವಿದ್ಯಾರ್ಥಿ ಹೊಸಬನೋ ರಿಪೀಟರೋ ಎಂಬುದು ಕ್ಲಾಸಿಗೆ ಸೇರುವ ಮೊದಲೇ ನಿಶ್ಚಯವಾಗಿತ್ತು. ಆದ್ದರಿಂದ ಹಾಗೆ ಒಡೆದು ನೋಡುವುದು ನ್ಯಾಯ. ಆದರೆ ಟ್ಯೂಷನ್ ನಡುವೆ ಬರೆದ ಪೂರ್ವಸಿದ್ಧತಾ ಪರೀಕ್ಷೆಯ ಅಂಕದ ಮೇಲೆ ಒಡೆದರೆ ಮೋಸವಾದೀತು. ಆ ಅಂಕ ಕ್ಲಾಸಿನ ಪಾಠದ ಫಲವೇ ತಾನೇ? ಸಮಾನ ಅಂಕದವರನ್ನಷ್ಟೇ ಹೋಲಿಸಿದರೆ, ಪಾಠದಿಂದಾದ ಲಾಭವನ್ನು ನಾವೇ ಒರೆಸಿಹಾಕಿದಂತೆ. ಗುಂಪು ಮಾಡುವ ಮೊದಲು ಕೇಳಬೇಕಾದ್ದು ಇದನ್ನೇ: ಈ ವ್ಯತ್ಯಾಸ ಮೊದಲೇ ಇತ್ತೋ, ಆಮೇಲೆ ಹುಟ್ಟಿತೋ?

ಇನ್ನೊಂದು ಎಚ್ಚರ. ಬೈಲಹೊಂಗಲದ ಹೊಸಬರು 20 ಮಂದಿ ಮಾತ್ರ. ಇನ್ನೊಬ್ಬ ಫೇಲಾಗಿದ್ದರೆ ಶೇ 95 ಇದ್ದದ್ದು ಶೇ 90ಕ್ಕೆ ಇಳಿದು ಸವದತ್ತಿಗೆ ಸಮವಾಗುತ್ತಿತ್ತು. ಇಷ್ಟು ಸಣ್ಣ ಗುಂಪಿನ ಮೇಲೆ ದೊಡ್ಡ ತೀರ್ಮಾನ ಸಲ್ಲದು.

ಹಾಗಾದರೆ ವರದಿ ಹೇಗಿರಬೇಕು? ‘ಶೇ 78 ಫಲಿತಾಂಶ’ ಎಂದಷ್ಟೇ ಬರೆದರೆ ಸಾಲದು. ಒಟ್ಟು ಅಂಕಿಯನ್ನು ಮುಚ್ಚಿಟ್ಟು ಗುಂಪಿನದನ್ನು ಮಾತ್ರ ಹೇಳುವುದೂ ತರವಲ್ಲ. ಮಾಸ್ತರು ಹಾಳೆಯ ಮೇಲೆ ಬರೆದುಕೊಟ್ಟದ್ದು ಹೀಗಿತ್ತು: ‘ಒಟ್ಟಾರೆ ಬೈಲಹೊಂಗಲ 100ಕ್ಕೆ 51, ಸವದತ್ತಿ 100ಕ್ಕೆ 78. ಹೊಸಬರಲ್ಲಿ 20ಕ್ಕೆ 19, 80ಕ್ಕೆ 72. ರಿಪೀಟರ್‌ಗಳಲ್ಲಿ 80ಕ್ಕೆ 32, 20ಕ್ಕೆ 6. ಬೈಲಹೊಂಗಲದಲ್ಲಿ ರಿಪೀಟರ್ ಹೆಚ್ಚಿದ್ದರಿಂದ ಒಟ್ಟು ಅಂಕಿ ತಿರುವುಮುರುವಾಗಿದೆ. ಹೊಸಬರ ಅಂತರ ಸಣ್ಣದು.’ ಶೇಕಡಾವಾರಿನ ಜೊತೆ ಮಂದಿಯ ಲೆಕ್ಕವೂ ಇದ್ದರೆ ಓದಿದವರು ತಾವೇ ಕೂಡಿಸಿ ನೋಡಬಹುದು.

ತಂದೆ ಹಾಳೆಯನ್ನು ಎರಡೆರಡು ಸಲ ಓದಿದರು. ‘ನನ್ನ ಮಗಳು ಹೊಸಬಳು. ಅಂದ್ರ ನಾ ನೋಡಬೇಕಾದ್ದು 19 ಮತ್ತ 72, ಹೌದಲ್ರೀ? 51, 78 ಅಲ್ಲ.’

‘ಹೌದ್ರಿ. ಅದರಾಗ ಅಂತರ ಭಾಳ ಇಲ್ಲ. ಹೋದ ವರ್ಷದ್ದೂ ಹಿಂಗೇ ಬಿಡಿಸಿ ಕೇಳ್ರಿ, ಆಮ್ಯಾಲೆ ಫೀ ಕಟ್ಟೂಣು’ ಎಂದರು ಮಾಸ್ತರು.