ಎರಡು ಸಲ ಪಾವತಿಯಾದ ಒಂದು ಬಿಲ್ಲು

ಒಂದೇ ಬಿಲ್ಲಿಗೆ ಎರಡು ಸಲ ಹಣ ಹೋಗುವುದು ಎರಡು ಬಗೆಯಲ್ಲಿ. ಬಿಲ್ಲು ಪುಸ್ತಕದಲ್ಲಿ ಒಮ್ಮೆ ಮಾತ್ರ ದಾಖಲಾಗಿ ಪಾವತಿ ಎರಡಾದರೆ, ಸರಬರಾಜುದಾರನ ಖಾತೆ ಡೆಬಿಟ್ ಬಾಕಿ ತೋರಿಸುತ್ತದೆ. ಕೊಡಬೇಕಾದವನೇ ನಮಗೆ ಕೊಡಬೇಕು ಎಂದು ಖಾತೆ ಹೇಳುವುದರಿಂದ ಇದು ಬೇಗ ಕಣ್ಣಿಗೆ ಬೀಳುತ್ತದೆ. ಬಿಲ್ಲೇ ಎರಡು ಸಲ ದಾಖಲಾಗಿ ಎರಡಕ್ಕೂ ಪಾವತಿಯಾದಾಗ ಮಾತ್ರ ಖಾತೆಯ ಬಾಕಿ ಸೊನ್ನೆ. ಟ್ರಯಲ್ ಬ್ಯಾಲೆನ್ಸ್ ಸರಿಹೋಗುತ್ತದೆ. ಹಣ ನಿಜಕ್ಕೂ ಹೋಗಿರುವುದರಿಂದ ಬ್ಯಾಂಕಿನ ಲೆಕ್ಕವೂ ತಾಳೆಯಾಗುತ್ತದೆ. ಅಪಾಯ ಹೆಚ್ಚಿರುವುದು ಈ ಎರಡನೆಯ ಬಗೆಯಲ್ಲೇ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯಂತ್ರಭಾಗ ಕಾರ್ಖಾನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. 2025ರ ಮಾರ್ಚ್ 31ರಂದು ಅಲ್ಲಿ ದಾಸ್ತಾನು ಎಣಿಕೆ ನಡೆಯಿತು. ಪುಸ್ತಕದಲ್ಲಿ ಇದ್ದುದಕ್ಕಿಂತ ಗೋದಾಮಿನಲ್ಲಿ ಉಕ್ಕಿನ ಸರಳು 2,500 ಕೆ.ಜಿ. ಕಡಿಮೆ ಬಂತು. ಇಂಥ ವ್ಯತ್ಯಾಸವನ್ನು ‘ಕೊರತೆ’ ಎಂದು ಬರೆದು ಖರ್ಚಿಗೆ ಹಾಕಿ ಲೆಕ್ಕ ಮುಗಿಸುವುದು ಸುಲಭ. ಹಾಗೆ ಮಾಡಿದ್ದರೆ ಅನುಮಾನ ಸ್ಟೋರ್‌ಕೀಪರ್ ಮೇಲೆ ಬೀಳುತ್ತಿತ್ತು, ನಿಜವಾದ ತಪ್ಪು ಶಾಶ್ವತವಾಗಿ ಹೂತುಹೋಗುತ್ತಿತ್ತು. ಲೆಕ್ಕ ವಿಭಾಗದ ಕಿರಿಯ ಗುಮಾಸ್ತೆ ಹಾಗೆ ಮಾಡಲಿಲ್ಲ. ಕೊರತೆ ಇಷ್ಟು ದುಂಡು ಸಂಖ್ಯೆಯಲ್ಲಿ ಬಂದದ್ದೇ ಆಕೆಗೆ ವಿಚಿತ್ರವೆನಿಸಿತು. ತುಂಡರಿಸುವಾಗ ಹೋಗುವ ಚೂರು, ತೂಕದ ಹೆಚ್ಚುಕಡಿಮೆ ಇವೆಲ್ಲ ಬಿಡಿ ಅಂಕಿಗಳಲ್ಲಿ ಬರುತ್ತವೆ, 2,500 ಕೆ.ಜಿ. ಎಂದರೆ ಸರಿಯಾಗಿ ಒಂದು ಲೋಡು.

ಆಕೆ ಸರಳಿನ ಸರಬರಾಜುದಾರನ ಖಾತೆ ತೆಗೆದು ಮೊತ್ತದ ಪ್ರಕಾರ ಜೋಡಿಸಿದಳು. 2,36,000 ರೂಪಾಯಿಯ ಎರಡು ಬಿಲ್ಲುಗಳು ಕಂಡವು: ಕೆ.ಜಿ.ಗೆ 80ರಂತೆ ಎರಡು ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ 36,000. ಒಂದು ದಾಖಲಾದದ್ದು ಜನವರಿಯಲ್ಲಿ, ಇನ್ನೊಂದು ಮಾರ್ಚ್‌ನಲ್ಲಿ. ಮೊತ್ತ ಒಂದೇ ಆದ ಮಾತ್ರಕ್ಕೆ ಬಿಲ್ಲು ಒಂದೇ ಎನ್ನುವಂತಿಲ್ಲ, ಪ್ರತಿ ಸಲ ಒಂದು ಲೋಡು ತರಿಸುವವರಿಗೆ ಒಂದೇ ಮೊತ್ತ ಮರಳಿ ಮರಳಿ ಬರುತ್ತದೆ. ಆದರೆ ಮೊದಲನೆಯದರ ಸಂಖ್ಯೆ SB/24-25/0417, ಎರಡನೆಯದರದು ಬರೀ 417. ಬಿಲ್ಲಿನ ಸಂಖ್ಯೆ ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ಅಲ್ಲಿನ ತಂತ್ರಾಂಶ ಎಚ್ಚರಿಸುತ್ತಿತ್ತು. ಎರಡೂ ಬೇರೆ ಬೇರೆ ಬಿಲ್ಲು ಎಂದೇ ಅದು ತಿಳಿಯಿತು.

ಕಡತ ತೆಗೆದಾಗ ಕಾರಣ ಸಿಕ್ಕಿತು. ಸರಕಿನ ಬಿಲ್ಲು ಮೂರು ಪ್ರತಿಗಳಲ್ಲಿರಬೇಕೆಂಬುದು ಜಿಎಸ್‌ಟಿ ನಿಯಮ: ಮೂಲಪ್ರತಿ ಕೊಂಡವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಿದವರಿಗೆ. ಇಮೇಲ್‌ನಲ್ಲಿ ಬಂದ ಮೂಲಪ್ರತಿಯನ್ನು ಜನವರಿಯಲ್ಲೇ ದಾಖಲಿಸಿ ಫೆಬ್ರವರಿಯಲ್ಲಿ ಹಣ ಕಳುಹಿಸಲಾಗಿತ್ತು. ಲಾರಿಯವನು ಕೊಟ್ಟ ಸಾಗಣೆಯ ಪ್ರತಿ ಸ್ಟೋರ್ಸ್‌ನಲ್ಲೇ ಉಳಿದು, ವರ್ಷಾಂತ್ಯಕ್ಕೆ ಕಾಗದಪತ್ರ ವಿಲೇವಾರಿ ಮಾಡುವಾಗ ಲೆಕ್ಕ ವಿಭಾಗಕ್ಕೆ ಬಂತು. ಅದರ ಮೇಲೆ ‘ಮಾಲು ಸ್ವೀಕರಿಸಿದೆ’ ಎಂಬ ಮುದ್ರೆಯೂ ಇತ್ತು. ಮುದ್ರೆ ನಿಜವೇ, ಆದರೆ ಅದು ಜನವರಿಯ ಲೋಡಿನದು. ಮುದ್ರೆ ನಂಬಿದ ಇನ್ನೊಬ್ಬ ಸಹಾಯಕ, ಸರಕು ಸ್ವೀಕೃತಿ ಚೀಟಿಯ ಸಂಖ್ಯೆಯನ್ನು ತಾಳೆ ನೋಡದೆ ಬಿಲ್ಲು ದಾಖಲಿಸಿದ. ಮಾರ್ಚ್ ಮುಗಿಯುವ ಮೊದಲು ಅದಕ್ಕೂ ಹಣ ಹೋಯಿತು.

ಅನುಮಾನವನ್ನು ಖಚಿತಪಡಿಸಲು ಕಂಪನಿಯ ಸ್ವಂತ ಪುಸ್ತಕ ಸಾಲದು, ಹೊರಗಿನ ಸಾಕ್ಷ್ಯ ಬೇಕು. ಸರಬರಾಜುದಾರರು ಘೋಷಿಸಿದ ಬಿಲ್ಲುಗಳಿಂದ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ 0417 ಒಂದೇ ಸಲ, ಜನವರಿಯಲ್ಲಿ ಇತ್ತು. ಸರಬರಾಜುದಾರನಿಂದ ತರಿಸಿದ ಖಾತೆ ವಿವರದಲ್ಲಿ ಕಾರ್ಖಾನೆಯ ಹೆಸರಿಗೆ 2,36,000 ರೂಪಾಯಿ ಹೆಚ್ಚುವರಿ ಜಮೆ ಕಂಡಿತು. ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟಾಗಲೇ ಸೊನ್ನೆಯ ಹಿಂದಿನ ಸತ್ಯ ಹೊರಬೀಳುವುದು. ಆದ್ದರಿಂದಲೇ ಬಾಕಿ ದೃಢೀಕರಣ ಪತ್ರವನ್ನು ಬಾಕಿ ಇರುವವರಿಗಷ್ಟೇ ಅಲ್ಲ, ಸೊನ್ನೆ ಬಾಕಿಯ ದೊಡ್ಡ ಸರಬರಾಜುದಾರರಿಗೂ ಕಳುಹಿಸಬೇಕು.

ಲೆಕ್ಕ ಮುಚ್ಚುವ ಮೊದಲೇ ಸಿಕ್ಕ ತಪ್ಪನ್ನು ತಿದ್ದುವುದು ಕಷ್ಟವಲ್ಲ. ಎರಡನೆಯ ಖರೀದಿಯನ್ನು ಹಿಮ್ಮುಖ ದಾಖಲೆಯಿಂದ ತೆಗೆಯಬೇಕು: ಸರಬರಾಜುದಾರನ ಖಾತೆಗೆ 2,36,000 ಡೆಬಿಟ್; ಖರೀದಿಗೆ ಎರಡು ಲಕ್ಷ, ತೆರಿಗೆ ಜಮೆಯ ಖಾತೆಗಳಿಗೆ 36,000 ಕ್ರೆಡಿಟ್. ದಾಸ್ತಾನಿನ ಕೊರತೆ ಅಲ್ಲಿಗೆ ತಾನಾಗಿ ಅಳಿಯುತ್ತದೆ. ಪಾವತಿಯ ದಾಖಲೆಯನ್ನು ಮಾತ್ರ ಅಳಿಸಬಾರದು, ಹಣ ಹೋಗಿರುವುದು ನಿಜ. ಉಳಿಯುವ ಡೆಬಿಟ್ ಬಾಕಿಯನ್ನು ಬೇರೆ ಸಾಲಗಾರರ ಮೊತ್ತದಲ್ಲಿ ಕಳೆಯದೆ, ಬರಬೇಕಾದ ಹಣವೆಂದು ಆಸ್ತಿಯ ಕಡೆ ತೋರಿಸಬೇಕು. ಮಾರ್ಚ್ ತಿಂಗಳ ತೆರಿಗೆ ವಿವರ ಸಲ್ಲಿಸಲು ಏಪ್ರಿಲ್ 20ರವರೆಗೆ ಅವಕಾಶವಿದ್ದುದರಿಂದ, ಎರಡನೆಯ 36,000ದ ಜಮೆಯನ್ನು ಕೇಳದೆ ಬಿಟ್ಟರೆ ಸಾಕಾಯಿತು. ಅದನ್ನು ಪಡೆದು ಬಳಸಿಯೂ ಬಿಟ್ಟಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿ ಸೇರಿಸಿ ಮರಳಿ ಕಟ್ಟಬೇಕಾಗುತ್ತಿತ್ತು.

ಹಣವನ್ನು ಬ್ಯಾಂಕ್ ಮೂಲಕ ವಾಪಸು ಪಡೆಯಬಹುದು, ಇಲ್ಲವೇ ಮುಂದಿನ ಬಿಲ್ಲಿನಲ್ಲಿ ಹೊಂದಿಸಿಕೊಳ್ಳಬಹುದು. ಯಾವುದಾದರೂ ಲಿಖಿತ ಒಪ್ಪಿಗೆ ಇರಲಿ. ಸರಬರಾಜುದಾರ ತಕರಾರು ತೆಗೆದರೂ ಕಾನೂನು ಕೊಟ್ಟವರ ಪರವಾಗಿದೆ: ತಪ್ಪಿನಿಂದ ಪಾವತಿಯಾದ ಹಣವನ್ನು ಪಡೆದವರು ಮರಳಿಸಲೇಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ.