300, 29, 1: ಒಂದು ಹಳೆಯ ಲೆಕ್ಕದ ಕಥೆ

ಅಮೆರಿಕದ ಟೆಕ್ಸಸ್ ಸಿಟಿಯಲ್ಲಿದ್ದ ಬಿಪಿ ಕಂಪನಿಯ ತೈಲ ಶುದ್ಧೀಕರಣ ಘಟಕದಲ್ಲಿ 2004ರಲ್ಲಿ ಕೆಲಸಗಾರರಿಗೆ ಆದ ಗಾಯಗಳ ಪ್ರಮಾಣ ಆ ಘಟಕದ ಇತಿಹಾಸದಲ್ಲೇ ಅತಿ ಕಡಿಮೆ. ಅದೇ ವರ್ಷ ಅಲ್ಲಿ ಮೂವರು ಸತ್ತಿದ್ದರು, ಆ ಮಾತು ಬೇರೆ. ಮರುವರ್ಷ ಮಾರ್ಚ್ 23ರಂದು ಅಲ್ಲಿ ಸ್ಫೋಟವಾಗಿ 15 ಜನ ಸತ್ತರು, ಸುಮಾರು 180 ಮಂದಿ ಗಾಯಗೊಂಡರು.

ಸಣ್ಣ ಗಾಯ ಕಡಿಮೆಯಾದರೆ ದೊಡ್ಡ ದುರಂತವೂ ದೂರವಾಗುತ್ತದೆ ಎಂಬ ನಂಬಿಕೆ ಬಂದದ್ದು ಒಬ್ಬ ವಿಮಾ ನೌಕರನಿಂದ. ಟ್ರಾವೆಲರ್ಸ್ ವಿಮಾ ಕಂಪನಿಯ ಹರ್ಬರ್ಟ್ ಹೈನ್ರಿಕ್ ಕಾರ್ಖಾನೆಗಳ ಅಪಘಾತದ ಕಡತಗಳನ್ನು ತಿರುವಿಹಾಕಿ 1931ರಲ್ಲಿ ಒಂದು ಪುಸ್ತಕ ಬರೆದ. ಒಂದೇ ಬಗೆಯ 330 ಅವಘಡಗಳಾದರೆ 300ರಲ್ಲಿ ಯಾರಿಗೂ ಏನೂ ಆಗುವುದಿಲ್ಲ, 29ರಲ್ಲಿ ಸಣ್ಣ ಗಾಯ, ಒಂದರಲ್ಲಿ ದೊಡ್ಡ ಗಾಯ ಎಂಬುದು ಅವನ ಲೆಕ್ಕ. 1969ರಲ್ಲಿ ಇನ್ನೊಂದು ವಿಮಾ ಕಂಪನಿಯ ಫ್ರಾಂಕ್ ಬರ್ಡ್, 297 ಕಂಪನಿಗಳ ಹದಿನೇಳು ಲಕ್ಷಕ್ಕೂ ಹೆಚ್ಚು ವರದಿಗಳನ್ನು ಇಟ್ಟುಕೊಂಡು ಇದನ್ನು 600, 30, 10, 1 ಎಂದು ತಿದ್ದಿದ. ಅಗಲವಾದ ಬುಡ, ಚೂಪಾದ ತುದಿ: ಸುರಕ್ಷತೆಯ ತರಬೇತಿಗೆ ಹೋದವರೆಲ್ಲ ನೋಡಿರುವ ಪಿರಮಿಡ್ ಇದೇ.

ಹೈನ್ರಿಕ್‌ನ ಮಾತಿನಲ್ಲಿ ‘ಒಂದೇ ಬಗೆಯ’ ಎಂಬ ಷರತ್ತಿತ್ತು. ಬಳಕೆಯಲ್ಲಿ ಅದು ಸವೆದುಹೋಯಿತು. ಬೆರಳು ತರಚಿದ್ದು, ಕಾಲು ಜಾರಿದ್ದು, ಕಣ್ಣಿಗೆ ದೂಳು ಬಿದ್ದದ್ದು ಎಲ್ಲವನ್ನೂ ಬುಡಕ್ಕೆ ಸುರಿದು, ಬುಡವನ್ನು ಕೆತ್ತಿದರೆ ತುದಿ ತಾನೇ ಕುಸಿಯುತ್ತದೆ ಎಂದು ಜನ ನಂಬಿದರು.

ಟೆಕ್ಸಸ್ ಸಿಟಿಯಲ್ಲಿ ಆದದ್ದನ್ನು ನೋಡಿ. ಐವತ್ತು ಮೀಟರಿಗಿಂತ ಎತ್ತರದ ಗೋಪುರವೊಂದಕ್ಕೆ ಪೆಟ್ರೋಲಿಯಂ ದ್ರವ ತುಂಬಿಸುತ್ತಿದ್ದರು. ಮಟ್ಟ ತೋರಿಸುವ ಮಾಪಕ ಅಳೆಯುತ್ತಿದ್ದದ್ದು ತಳದ ಕೆಲವೇ ಅಡಿಗಳನ್ನು. ದ್ರವ ಮೇಲೇರುತ್ತಲೇ ಇದ್ದರೂ ಮಾಪಕ ಮಟ್ಟ ಇಳಿಯುತ್ತಿದೆ ಎಂದು ತೋರಿಸಿತು. ಮಟ್ಟ ಮೀರಿದಾಗ ಕೂಗಬೇಕಿದ್ದ ಅಲಾರಂ ಕೆಲಸ ಮಾಡಲಿಲ್ಲ. ಉಕ್ಕಿದ ದ್ರವ ಹಳೆಯ ಕೊಳವೆಯೊಂದರ ಬಾಯಿಂದ ಬಯಲಿಗೆ ಚಿಮ್ಮಿತು. ಅದರ ಆವಿಗೆ ಬೆಂಕಿ ಹತ್ತಿದಾಗ ಸತ್ತವರು ಹತ್ತಿರದಲ್ಲಿ ನಿಲ್ಲಿಸಿದ್ದ ತಾತ್ಕಾಲಿಕ ಕಚೇರಿಗಳಲ್ಲೂ ಸುತ್ತಮುತ್ತಲೂ ಇದ್ದ ಗುತ್ತಿಗೆ ಕೆಲಸಗಾರರು. ಇದರಲ್ಲಿ ತರಚು ಗಾಯದ ಪಾತ್ರ ಎಲ್ಲಿದೆ? ಎಲ್ಲರೂ ಕೈಗವಸು ಹಾಕಿ, ಮೆಟ್ಟಿಲಿನ ಕಟಕಟೆ ಹಿಡಿದೇ ನಡೆದಿದ್ದರೂ ಆ ಗೋಪುರ ಉಕ್ಕುತ್ತಿತ್ತು. ಬಿಪಿಯ ಬಗ್ಗೆ ವಿಚಾರಣೆ ನಡೆಸಿದ ಬೇಕರ್ ಸಮಿತಿಯೂ 2007ರಲ್ಲಿ ಇದನ್ನೇ ಹೇಳಿತು: ಗಾಯದ ಅಂಕಿಯನ್ನು ನೋಡಿ ಯಂತ್ರಸ್ಥಾವರ ಸುರಕ್ಷಿತ ಎಂದುಕೊಂಡದ್ದು ತಪ್ಪು.

ಅಮೆರಿಕದ ಸುರಕ್ಷತಾ ತಜ್ಞ ಫ್ರೆಡ್ ಮ್ಯಾನುಯೆಲ್ ಇನ್ನೂ ಕೆಳಕ್ಕೆ ಅಗೆದರು. ಹೈನ್ರಿಕ್ ಬಳಸಿದ ಮೂಲ ಕಡತಗಳು ಪರಿಶೀಲನೆಗೆ ಸಿಗುವುದೇ ಇಲ್ಲ ಎಂದರು. ಪುಸ್ತಕದ ಆವೃತ್ತಿಗಳಲ್ಲಿ ಅನುಪಾತ ಹಾಗೇ ಉಳಿದು ವಿವರಣೆ ಮಾತ್ರ ಬದಲಾಗುತ್ತ ಹೋದದ್ದನ್ನೂ ತೋರಿಸಿದರು. ನೂರರಲ್ಲಿ 88 ಅಪಘಾತಗಳಿಗೆ ಕೆಲಸಗಾರನ ತಪ್ಪೇ ಕಾರಣ ಎಂಬ ಹೈನ್ರಿಕ್‌ನ ಇನ್ನೊಂದು ಲೆಕ್ಕವನ್ನೂ ಅವರು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಅಪಘಾತದ ವರದಿ ಬರೆಯುವವನು ಸಾಮಾನ್ಯವಾಗಿ ಮೇಸ್ತ್ರಿ, ಕೆಲಸಗಾರನಲ್ಲ.

ಹಿಮಬಂಡೆಯ ಕಥೆಯೂ ಇದೇ ಮನೆಯದು. ವಿಮೆ ಕೊಡುವ ಪರಿಹಾರ ಮತ್ತು ಆಸ್ಪತ್ರೆ ಖರ್ಚು ನೀರಿನ ಮೇಲೆ ಕಾಣುವ ತುದಿಯಂತೆ. ನಿಂತ ಯಂತ್ರ, ಹಾಳಾದ ಮಾಲು, ಕೆಲಸ ಬಿಟ್ಟು ಓಡಿಬಂದವರ ವೇಳೆ ಇವೆಲ್ಲ ನೀರೊಳಗಿನ ಭಾಗ. ಅದು ಮೇಲಿನದರ ನಾಲ್ಕು ಪಟ್ಟು ಎಂದ ಹೈನ್ರಿಕ್. ಬ್ರಿಟನ್ನಿನ ಎಚ್‌ಎಸ್‌ಇ ಸಂಸ್ಥೆ 1993ರಲ್ಲಿ ಕೆಲವು ಕಡೆ ಕೂತು ನಿಜವಾಗಿ ಎಣಿಸಿದಾಗ ಅದು ಒಂದು ಸಾಗಣೆ ಕಂಪನಿಯಲ್ಲಿ 8 ಪಟ್ಟು, ಹಾಲಿನ ಕಾರ್ಖಾನೆಯಲ್ಲಿ 36 ಪಟ್ಟು ಆಗಿತ್ತು. ಅಂದ ಮೇಲೆ ‘ನಾಲ್ಕು’ ಎಂಬುದು ಯಾರ ಕಾರ್ಖಾನೆಯ ಲೆಕ್ಕ?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೆರಳು ಕುಯ್ದುಕೊಂಡವನ ಔಷಧಿಗೆ 1,000 ರೂಪಾಯಿ, ಎರಡು ಗಂಟೆ ಯಂತ್ರ ನಿಂತದ್ದಕ್ಕೆ 10,000 ಎಂದುಕೊಳ್ಳಿ: ಹತ್ತು ಪಟ್ಟು. ಕೈಯೇ ಹೋದವನ ಪರಿಹಾರ 10 ಲಕ್ಷ, ಯಂತ್ರ ಎರಡು ದಿನ ನಿಂತು 2 ಲಕ್ಷ ನಷ್ಟವೆಂದರೆ ಐದನೇ ಒಂದು ಪಾಲು. ಗಾಯ ದೊಡ್ಡದಾದಷ್ಟೂ ಅನುಪಾತ ಕುಗ್ಗುತ್ತದೆ. ಪರಿಹಾರದ ಮೊತ್ತವನ್ನು ನಾಲ್ಕರಿಂದ ಗುಣಿಸಿ ಮಾಲೀಕರ ಮುಂದಿಟ್ಟರೆ, ಗಣಿತ ಬಲ್ಲ ಮಾಲೀಕ ನಗುತ್ತಾನೆ. ಓಡಿಬಂದವರ ಸಂಬಳವನ್ನು ಹೇಗೂ ಕೊಡಲೇಬೇಕಿತ್ತಲ್ಲ ಎಂದೂ ಅವನು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ.

ಹಾಗೆಂದು ಸಣ್ಣ ಅವಘಡಗಳನ್ನು ಬರೆದಿಡುವುದು ದಂಡವಲ್ಲ. ಈಗಿನ ತಜ್ಞರು ಕೇಳುವುದು ಎಷ್ಟಾಯಿತು ಎಂದಲ್ಲ, ಸ್ವಲ್ಪ ಆಚೀಚೆಯಾಗಿದ್ದರೆ ಏನಾಗುತ್ತಿತ್ತು ಎಂದು. ಮೂರನೇ ಮಹಡಿಯಿಂದ ಬಿದ್ದ ಸ್ಪ್ಯಾನರ್ ಯಾರ ತಲೆಗೂ ತಾಗದಿದ್ದರೂ ಅದು ಸಾವಿನ ಸಾಲಿನಲ್ಲೇ ನಿಲ್ಲಬೇಕು. ಕಾಗದ ಕುಯ್ದ ಬೆರಳು ಆ ಸಾಲಿಗೆ ಬರುವುದಿಲ್ಲ.

ತಮಾಷೆಯೆಂದರೆ, ಟೆಕ್ಸಸ್ ಸಿಟಿಯ ನಂತರ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ 2010ರಲ್ಲಿ ಹೊರತಂದ ಮಾರ್ಗಸೂಚಿಯೂ ಪಿರಮಿಡ್ಡನ್ನೇ ಬರೆಯಿತು. ಅದಕ್ಕೆ ನಾಲ್ಕು ಹಂತ. ತುದಿಯಲ್ಲಿರುವುದು ದೊಡ್ಡ ಸೋರಿಕೆ, ಅದರ ಕೆಳಗೆ ಸಣ್ಣ ಸೋರಿಕೆ. ಬುಡದ ಹಂತಗಳಲ್ಲಿರುವುದು ರಕ್ಷಣಾ ವ್ಯವಸ್ಥೆಗೆ ಬಿದ್ದ ಒತ್ತಡ ಮತ್ತು ಬಾಕಿ ಉಳಿದ ದುರಸ್ತಿಯಂಥ ಸಂಗತಿಗಳು, ತರಚು ಗಾಯಗಳಲ್ಲ.