ಇ20 ಪೆಟ್ರೋಲು ಮತ್ತು ಹಳೇ ಕಾರಿನ ರಬ್ಬರು

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "2011ರ ಮಾಡೆಲ್‌ನ ಪೆಟ್ರೋಲ್ ಕಾರೊಂದು ಒಳ್ಳೇ ರೇಟಿಗೆ ಬಂದಿದೆ. ಬಂಕಿನಲ್ಲಿ ಈಗ ಹಾಕುವುದು ಇ20. ಈ ಕಾರು ತಡೆದೀತೇ?"

ಇ20 ಎಂದರೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದರ ಮಾರಾಟಕ್ಕೆ ಚಾಲನೆ ಸಿಕ್ಕಿತು. ತಡೆಯುತ್ತದೆಯೇ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ: ಇಂಜಿನ್ ಅದನ್ನು ಸರಿಯಾಗಿ ಉರಿಸುತ್ತದೆಯೇ, ಮತ್ತು ಟ್ಯಾಂಕಿನಿಂದ ಇಂಜಿನ್‌ವರೆಗಿನ ದಾರಿ ಬಾಳುತ್ತದೆಯೇ.

ಮೊದಲು ಉರಿಯುವ ಮಾತು. ಪೆಟ್ರೋಲು ಹೊಸ ಊದುಬತ್ತಿ ಎಂದುಕೊಳ್ಳಿ. ಎಥನಾಲ್ ಮೂರರಲ್ಲೊಂದು ಪಾಲು ಆಗಲೇ ಉರಿದುಹೋದ ಬತ್ತಿ. ಎಥನಾಲ್‌ನ ಅಣುವಿನೊಳಗೇ ಆಮ್ಲಜನಕ ಸೇರಿಕೊಂಡಿರುತ್ತದೆ, ಅಂದರೆ ಅದರ ದಹನ ಅಷ್ಟರಮಟ್ಟಿಗೆ ಮುಗಿದೇ ಹೋಗಿದೆ. ಹಾಗಾಗಿ ಲೀಟರ್ ಪೆಟ್ರೋಲು ಸುಮಾರು 32 ಮೆಗಾಜೂಲ್ ಶಕ್ತಿ ಕೊಟ್ಟರೆ ಲೀಟರ್ ಎಥನಾಲ್ ಕೊಡುವುದು 21. ಉರಿಯಲು ಬೇಕಾದ ಗಾಳಿಯೂ ಕಡಿಮೆ. ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಎಳೆದುಕೊಂಡ ಗಾಳಿ ಅಷ್ಟೇ ಇದ್ದಾಗ ಇ20ಯನ್ನು ತುಸು ಹೆಚ್ಚು ಚಿಮ್ಮಿಸಬೇಕಾಗುತ್ತದೆ. ಇ10 ಹಾಕುತ್ತಿದ್ದ ಕಾರಿಗೆ ಈ ಹೆಚ್ಚುವರಿ ಶೇ. 4ರ ಆಸುಪಾಸು.

ನಮ್ಮ ಓದುಗರ 2011ರ ಕಾರಿಗೆ ಇದು ಭಾರವಲ್ಲ. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡುತ್ತಲೇ ಇರುತ್ತದೆ. ಅದರ ಮಾತು ಕೇಳಿ ಇಂಜಿನ್ ಕಂಪ್ಯೂಟರ್ ಇಂಧನವನ್ನು ಹೆಚ್ಚುಕಡಿಮೆ ಮಾಡುತ್ತದೆ. ಕೊಳ್ಳುವ ಮೊದಲು ಮೆಕ್ಯಾನಿಕ್ ಕೈಲಿ ಸ್ಕ್ಯಾನರ್ ಹಾಕಿಸಿ, ತೆರೆಯ ಮೇಲೆ LTFT ಎಂಬ ಅಂಕಿ ನೋಡಿ. ಅದು ಶೇ. 5ರ ಆಚೀಚೆ ಇದ್ದರೆ ಇಂಜಿನ್ ಇ20ಗೆ ಹೊಂದಿಕೊಂಡಿದೆ. 15 ದಾಟಿದ್ದರೆ ದೋಷ ಎಥನಾಲ್‌ನದಲ್ಲ. ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಪೆಟ್ರೋಲ್ ಪಂಪು ಸೋತಿದೆ. ಕಾರ್ಬ್ಯುರೇಟರ್ ಕಾಲದ ಗಾಡಿಗಳಿಗೆ ಈ ಹೊಂದಾಣಿಕೆ ಇಲ್ಲ. ಅವುಗಳ ಜೆಟ್‌ನ ರಂಧ್ರ ಬದಲಾಗದ ಕಾರಣ ಆಕ್ಸಿಲರೇಟರ್ ಒತ್ತಿದಾಗ ತಡವರಿಸುತ್ತವೆ, ಬೇಗ ಬಿಸಿಯಾಗುತ್ತವೆ.

ಮೈಲೇಜಿನ ಲೆಕ್ಕವೂ ಇದರಲ್ಲೇ ಇದೆ. ಇ10ರಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಕಾರು ಇ20ಯಲ್ಲಿ ಸುಮಾರು 14.5 ಕೊಡಬೇಕು. 11ಕ್ಕೆ ಇಳಿದಿದೆ ಎಂದು ಯಾರಾದರೂ ಎಥನಾಲ್‌ಗೆ ಶಾಪ ಹಾಕಿದರೆ ನಾನು ಒಪ್ಪುವುದಿಲ್ಲ. ಅಷ್ಟು ಇಳಿಸುವ ಶಕ್ತಿ ಆ ಇಪ್ಪತ್ತು ಪಾಲಿಗಿಲ್ಲ.

ನಿಜವಾದ ಚಿಂತೆ ರಬ್ಬರಿನದು. ಹಳೇ ಕಾರುಗಳ ಪೈಪು, ವಾಷರುಗಳು ಪೆಟ್ರೋಲಿಗೆಂದು ಮಾಡಿದ ನೈಟ್ರೈಲ್ ರಬ್ಬರಿನವು. ಎಥನಾಲ್ ಅದರೊಳಕ್ಕೆ ಇಳಿದು ಉಬ್ಬಿಸುತ್ತದೆ, ರಬ್ಬರನ್ನು ಮೆದುವಾಗಿಟ್ಟಿದ್ದ ಎಣ್ಣೆಯಂಶವನ್ನು ಕರಗಿಸಿ ಒಯ್ಯುತ್ತದೆ. ಆಮೇಲೆ ಗಾಡಿ ನಿಂತು ಒಣಗಿದಾಗ ಪೈಪು ಗಟ್ಟಿಯಾಗಿ ಸೀಳುತ್ತದೆ. ಬಾನೆಟ್ ಎತ್ತಿ, ಇಂಜಿನ್ ತಣ್ಣಗಿರುವಾಗ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ. ಬಾಗಿದ ಕಡೆ ಕೂದಲೆಳೆಯಂಥ ಬಿರುಕು ಕಂಡರೆ, ಕ್ಲಿಪ್ಪಿನ ಸುತ್ತ ಜಿಡ್ಡು ಅಂಟಿದ್ದರೆ, ಬೆಳಿಗ್ಗೆ ಪೆಟ್ರೋಲ್ ವಾಸನೆ ಬಂದರೆ ಅದನ್ನು ಬದಲಿಸಲೇಬೇಕು. ಬಿಸಿ ಇಂಜಿನ್ ಮೇಲೆ ಪೆಟ್ರೋಲು ಹನಿದರೆ ಬೆಂಕಿ ಹತ್ತಬಹುದು. ಹೊಸದು ಹಾಕಿಸುವಾಗ ಫ್ಲೋರೋ ರಬ್ಬರಿನ ಒಳಪದರವಿರುವ ಪೈಪನ್ನೇ ಕೇಳಿ. ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನೂ ಕರಗಿಸಿ ಎಬ್ಬಿಸುವುದರಿಂದ ಫಿಲ್ಟರನ್ನೂ ಬದಲಿಸುವುದು ಕ್ಷೇಮ.

ಇನ್ನೊಂದು ಅಪಾಯ ಓಡಿಸದೆ ನಿಲ್ಲಿಸಿಟ್ಟ ಕಾರಿನದು. ಎಥನಾಲ್ ನೀರನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪಂಪು ಎಳೆದುಕೊಳ್ಳುವುದೂ ತಳದಿಂದಲೇ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗಿ ಕೆಮ್ಮಿ ಆರಿದರೆ, ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ನಿಲ್ಲಿಸಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡದೆ ಗತ್ಯಂತರವಿಲ್ಲ.

2023ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ಪೈಪು, ವಾಷರುಗಳು ಇ20 ತಡೆಯುವಂಥವು. ಅವುಗಳ ಒಡೆಯರು ನೋಡಬೇಕಾದದ್ದು ಇಂಧನದ ಮುಚ್ಚಳದ ಬಳಿಯ ಇ20 ಗುರುತು ಮತ್ತು ಮ್ಯಾನುಯಲ್. ನಮ್ಮ ಓದುಗರು ಆ 2011ರ ಕಾರನ್ನು ಕೊಳ್ಳಬಹುದು. ಆದರೆ ಪೈಪು, ವಾಷರು, ಫಿಲ್ಟರಿನ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಚೌಕಾಸಿ ಮಾಡಲಿ, ಕೊಂಡ ಮೇಲೆ ವಾರಕ್ಕೊಮ್ಮೆಯಾದರೂ ಓಡಿಸಲಿ.